ಟ್ರಾವರ್ಸ್ ಹತ್ತು ಸೆಂಟಿಮೀಟರ್ ಮುಚ್ಚದಿದ್ದರೆ

*ಪ್ರಶ್ನೆ: ಸರ್, ಬ್ರಹ್ಮಾವರದ ಹತ್ತಿರ ಒಂದು ತೋಟಕ್ಕೆ 20 ಸೆಕೆಂಡಿನ ಥಿಯೊಡೊಲೈಟ್, 30 ಮೀಟರಿನ ಸ್ಟೀಲ್ ಟೇಪ್ ಹಿಡಿದು ಐದು ಸ್ಟೇಷನ್‌ಗಳ ಕ್ಲೋಸ್ಡ್ ಟ್ರಾವರ್ಸ್ ಮಾಡಿದ್ದೇವೆ. ಲೆಕ್ಕ ಹಾಕಿದರೆ ಸುಮಾರು 10 ಸೆಂಟಿಮೀಟರ್ ಮುಚ್ಚುತ್ತಿಲ್ಲ. ಕೊನೆಯ ಲೈನಿಗೆ ಹಾಕಿ ಮುಚ್ಚಿಬಿಡು ಎಂದು ಜೊತೆಯವರು ಹೇಳುತ್ತಾರೆ. ಅದು ಸರಿಯೇ? ಹಂಚುವುದಾದರೆ ಹೇಗೆ? ಫೀಲ್ಡ್ ಬುಕ್ಕಿನ ಅಂಕಿಗಳನ್ನು ಕಳುಹಿಸಿದ್ದೇನೆ. — ಡಿಪ್ಲೊಮಾ ಮುಗಿಸಿದ ಓದುಗ, ಉಡುಪಿ*

ಕೊನೆಯ ಲೈನಿಗೆ ಹಾಕಬೇಡಿ. ಏಕೆ ಎಂಬುದನ್ನು ನಿಮ್ಮದೇ ಅಂಕಿಗಳು ಹೇಳುತ್ತವೆ, ಆ ಜಾಗಕ್ಕೆ ಬಂದಾಗ ತೋರಿಸುತ್ತೇನೆ. ಮೊದಲು ಕೋನಗಳಿಂದ ಶುರು ಮಾಡೋಣ. ಕೋನ ಮುಚ್ಚದೆ ಲ್ಯಾಟಿಟ್ಯೂಡ್, ಡಿಪಾರ್ಚರ್ ಲೆಕ್ಕಕ್ಕೆ ಇಳಿದರೆ ಕೋನದ ತಪ್ಪೂ ಟೇಪಿನ ತಪ್ಪೂ ಒಂದರೊಳಗೊಂದು ಕಲಸಿಹೋಗುತ್ತವೆ. ಆಮೇಲೆ ಯಾವುದು ಯಾವುದರದ್ದು ಎಂದು ಬೇರ್ಪಡಿಸಲು ಬರುವುದಿಲ್ಲ.

ನೀವು ಗಡಿಯಾರದ ಮುಳ್ಳಿಗೆ ಎದುರಾಗಿ 1, 2, 3, 4, 5 ಎಂದು ಸುತ್ತು ಬಂದಿದ್ದೀರಿ. ಪ್ರತಿ ಸ್ಟೇಷನ್ನಿನಲ್ಲಿ ಹಿಂದಿನ ಸ್ಟೇಷನ್ನಿಗೆ ಗುರಿ ಹಿಡಿದು, ಬಲಕ್ಕೆ ತಿರುಗಿಸಿ ಮುಂದಿನದ್ದನ್ನು ಓದಿದ್ದೀರಿ. ಹಾಗೆ ಓದಿದ ಕೋನಗಳು ಒಳಗಿನ ಕೋನಗಳೇ ಆಗುತ್ತವೆ. ಎರಡೂ ಫೇಸಿನ ಸರಾಸರಿ ಹೀಗಿದೆ: ಸ್ಟೇಷನ್ 1ರಲ್ಲಿ 87°32'50", 2ರಲ್ಲಿ 125°30'30", 3ರಲ್ಲಿ 102°22'30", 4ರಲ್ಲಿ 107°06'20", 5ರಲ್ಲಿ 117°28'30". ಕೂಡಿಸಿದರೆ 540°00'40". ಐದು ಬದಿಯ ಆಕೃತಿಯ ಒಳಕೋನಗಳು ಕೂಡಿ 540° ಆಗಬೇಕು, ಅಂದರೆ 40 ಸೆಕೆಂಡು ಹೆಚ್ಚಿದೆ.

ಇದು ಒಪ್ಪುವಷ್ಟೇ? ಉಪಕರಣದ ಲೀಸ್ಟ್ ಕೌಂಟನ್ನು ಸ್ಟೇಷನ್‌ಗಳ ಸಂಖ್ಯೆಯ ವರ್ಗಮೂಲದಿಂದ ಗುಣಿಸಿ ನೋಡುವುದು ರೂಢಿ. 20 ಸೆಕೆಂಡು ಗುಣಿಸು √5, ಸುಮಾರು 45 ಸೆಕೆಂಡು. ನಿಮ್ಮ 40 ಅದರೊಳಗೆ ಬಂತು, ಆದರೆ ಅಂಚಿಗೆ ಹತ್ತಿರ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದ ಮೇಲೆ ತೂಗುಗುಂಡು ನಿಲ್ಲುವುದೇ ಇಲ್ಲ. 100 ಮೀಟರ್ ಲೈನಿನಲ್ಲಿ ಉಪಕರಣ 5 ಮಿಲಿಮೀಟರ್ ಪಕ್ಕಕ್ಕೆ ನಿಂತರೆ ಬೇರಿಂಗಿಗೆ 10 ಸೆಕೆಂಡಿನ ತಪ್ಪು. ಅದೇ 5 ಮಿಲಿಮೀಟರ್ 20 ಮೀಟರ್ ಲೈನಿನಲ್ಲಾದರೆ 50 ಸೆಕೆಂಡು ದಾಟುತ್ತದೆ. ಮಂಗಳೂರಿನ ಇಕ್ಕಟ್ಟಾದ ಓಣಿಗಳಲ್ಲಿ ಚಿಕ್ಕ ಚಿಕ್ಕ ಲೈನ್ ಹಾಕಿದ ಟ್ರಾವರ್ಸ್‌ಗಳು ಕೋನದಲ್ಲಿ ಕೆಡುವುದು ಬಹುಪಾಲು ಹೀಗೆಯೇ.

40 ಸೆಕೆಂಡನ್ನು ಐದಕ್ಕೆ ಸಮವಾಗಿ ಹಂಚಿ, ಪ್ರತಿ ಕೋನದಿಂದ 8 ಸೆಕೆಂಡು ಕಳೆಯಿರಿ. ಕೋನ ದೊಡ್ಡದಿದ್ದರೆ ಹೆಚ್ಚು, ಚಿಕ್ಕದಿದ್ದರೆ ಕಡಿಮೆ ಎಂದು ಹಂಚುವವರಿದ್ದಾರೆ. ಅದಕ್ಕೆ ಅರ್ಥವಿಲ್ಲ. ಗುರಿ ಹಿಡಿಯುವಲ್ಲಿ, ಸೆಂಟರಿಂಗಿನಲ್ಲಿ, ಓದುವಲ್ಲಿ ಆಗುವ ತಪ್ಪಿಗೂ ಕೋನ 87° ಇದೆಯೋ 125° ಇದೆಯೋ ಎಂಬುದಕ್ಕೂ ಸಂಬಂಧವಿಲ್ಲ. ಒಂದು ಸ್ಟೇಷನ್ನಿನ ಎರಡೂ ಬದಿಯ ಲೈನ್‌ಗಳು ತೀರಾ ಗಿಡ್ಡವಿದ್ದರೆ ಮಾತ್ರ ಅದಕ್ಕೆ ಹೆಚ್ಚು ಪಾಲು ಕೊಡಬಹುದು. ನಿಮ್ಮ ಲೈನ್‌ಗಳೆಲ್ಲ 93ರಿಂದ 117 ಮೀಟರಿನೊಳಗಿವೆ, ಆ ಪ್ರಶ್ನೆ ಏಳುವುದಿಲ್ಲ.

ತಿದ್ದಿದ ಕೋನಗಳಿಂದ ಬೇರಿಂಗ್ ತೆಗೆಯುವುದು ಸುಲಭ: ಹಿಂದಿನ ಲೈನಿನ ಬೇರಿಂಗಿಗೆ ಸ್ಟೇಷನ್ನಿನ ಕೋನ ಕೂಡಿಸಿ 180° ಕಳೆಯಿರಿ. ಉತ್ತರ ಋಣವಾದರೆ 360° ಸೇರಿಸಿ. 1–2ರ ಬೇರಿಂಗ್ 70°01'00" ಎಂದು ಇಟ್ಟುಕೊಂಡಿದ್ದೀರಿ. ಅಲ್ಲಿಂದ 2–3 ಎಂದರೆ 15°31'22", 3–4 ಎಂದರೆ 297°53'44", 4–5 ಎಂದರೆ 224°59'56", 5–1 ಎಂದರೆ 162°28'18". ಇಲ್ಲಿಗೆ ನಿಲ್ಲಿಸಬೇಡಿ. ಸ್ಟೇಷನ್ 1ರ ತಿದ್ದಿದ ಕೋನ 87°32'42" ಕೂಡಿಸಿ ಮತ್ತೆ 1–2ಕ್ಕೆ ಬನ್ನಿ, 70°01'00" ತಿರುಗಿ ಬರಬೇಕು. ಬಂತು. ಬರದಿದ್ದರೆ ಕೂಡಿಸುವುದರಲ್ಲಿ ಎಲ್ಲೋ ಎಡವಿದ್ದೀರಿ, ಹೊಲದಲ್ಲಿ ಅಲ್ಲ.

ಈಗ ಪ್ರತಿ ಲೈನನ್ನು ಉತ್ತರ-ದಕ್ಷಿಣದ ಪಾಲು, ಪೂರ್ವ-ಪಶ್ಚಿಮದ ಪಾಲು ಎಂದು ಒಡೆಯಬೇಕು. ಉದ್ದವನ್ನು ಬೇರಿಂಗಿನ ಕೊಸೈನಿನಿಂದ ಗುಣಿಸಿದರೆ ಲ್ಯಾಟಿಟ್ಯೂಡ್, ಸೈನಿನಿಂದ ಗುಣಿಸಿದರೆ ಡಿಪಾರ್ಚರ್. ಪೂರ್ಣ ವೃತ್ತದ ಬೇರಿಂಗ್ ಹಾಕಿದರೆ ಧನ-ಋಣ ತಾನಾಗಿಯೇ ಬರುತ್ತದೆ, ಕಾಲು ವೃತ್ತದ ಬೇರಿಂಗ್ ಹಾಕಿದರೆ ನೀವೇ ಹಾಕಬೇಕು. ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ C ಕಾಲಮ್ಮಿನಲ್ಲಿ ಉದ್ದ, D ಕಾಲಮ್ಮಿನಲ್ಲಿ ದಶಮಾಂಶ ಡಿಗ್ರಿಯ ಬೇರಿಂಗ್ ಇಡಿ:

```
=70+1/60+0/3600
=C2*COS(RADIANS(D2))
=C2*SIN(RADIANS(D2))
```

`RADIANS` ಬಿಟ್ಟರೆ ಬರುವ ಉತ್ತರ ಯಾವುದೋ ಲೋಕದ್ದು. ಅದು ಎಷ್ಟು ಅಸಂಬದ್ಧವಾಗಿರುತ್ತದೆ ಎಂದರೆ ಕೂಡಲೇ ಸಿಕ್ಕಿಬೀಳುತ್ತದೆ. 70°01' ಎಂಬುದನ್ನು 70.01 ಎಂದು ಬರೆಯುವುದೇ ಹೆಚ್ಚು ಅಪಾಯದ್ದು. ಒಂದು ನಿಮಿಷ ಎಂದರೆ 0.0167 ಡಿಗ್ರಿ. ಆ ತಪ್ಪು ಒಳಗೇ ಅಡಗಿ ಕೂತು, ಕೊನೆಗೆ ಕ್ಲೋಸಿಂಗ್ ಎರರ್ ರೂಪದಲ್ಲಿ ಮೇಲೆ ಬರುತ್ತದೆ. ನಾವು ಟೇಪನ್ನು ಬೈಯುತ್ತಾ ಕೂತಿರುತ್ತೇವೆ.

| ಲೈನ್ | ಉದ್ದ (ಮೀ) | ಲ್ಯಾಟಿಟ್ಯೂಡ್ | ಡಿಪಾರ್ಚರ್ |
|---|---|---|---|
| 1–2 | 117.08 | +40.012 | +110.031 |
| 2–3 | 93.43 | +90.022 | +25.004 |
| 3–4 | 96.15 | +44.985 | −84.978 |
| 4–5 | 113.10 | −79.975 | −79.972 |
| 5–1 | 99.65 | −95.023 | +30.012 |
| ಒಟ್ಟು | 519.41 | +0.021 | +0.097 |

ಹೊರಟ ಜಾಗಕ್ಕೇ ಮರಳಿ ಬಂದವರ ಎರಡೂ ಮೊತ್ತ ಸೊನ್ನೆಯಾಗಬೇಕಿತ್ತು. ನೀವು ಲೆಕ್ಕದಲ್ಲಿ ಸ್ಟೇಷನ್ 1ರಿಂದ ಉತ್ತರಕ್ಕೆ 21 ಮಿಲಿಮೀಟರ್, ಪೂರ್ವಕ್ಕೆ 97 ಮಿಲಿಮೀಟರ್ ಆಚೆ ಬಂದು ನಿಂತಿದ್ದೀರಿ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 0.099 ಮೀಟರ್. ಇದೇ ಕ್ಲೋಸಿಂಗ್ ಎರರ್, ಅದರ ದಿಕ್ಕು ಸುಮಾರು 78°. ಸುತ್ತಳತೆ 519.41ನ್ನು ಇದರಿಂದ ಭಾಗಿಸಿದರೆ ಹತ್ತಿರ ಹತ್ತಿರ 5200, ಅಂದರೆ 1:5200. ಟೇಪ್ ಮತ್ತು 20 ಸೆಕೆಂಡಿನ ಥಿಯೊಡೊಲೈಟ್ ಹಿಡಿದ ಕೆಲಸಕ್ಕೆ 1:5000 ಒಪ್ಪುವ ಮಟ್ಟ. ಹಾಗಾಗಿ ನಿಮ್ಮದು ಹಂಚಲು ಯೋಗ್ಯ. ಇದೇ ಹತ್ತು ಸೆಂಟಿಮೀಟರ್ ಟೋಟಲ್ ಸ್ಟೇಷನ್ನಿನಲ್ಲಿ, ಇಷ್ಟೇ ಸುತ್ತಳತೆಗೆ ಬಂದಿದ್ದರೆ ಹಂಚಬೇಡಿ ಎನ್ನುತ್ತಿದ್ದೆ. ಆ ಉಪಕರಣ ಅಷ್ಟು ತಪ್ಪುವುದಿಲ್ಲ, ತಪ್ಪಿರುವುದು ಪ್ರಿಸಮ್ ಹಿಡಿದ ಕೈ ಅಥವಾ ಟ್ರೈಪಾಡಿನ ಕಾಲು.

ಹಂಚುವ ಮೊದಲು ಇದು ಸಣ್ಣ ಸಣ್ಣ ತಪ್ಪುಗಳ ಮೊತ್ತವೋ, ಒಂದೇ ಒಂದು ದೊಡ್ಡ ತಪ್ಪೋ ಎಂದು ಕೇಳಿಕೊಳ್ಳಬೇಕು. ಹಂಚುವ ಸೂತ್ರಗಳೆಲ್ಲ ಮೊದಲನೆಯ ಬಗೆಗೆ ಮಾತ್ರ. ನಿಮ್ಮ ಪುಸ್ತಕದಲ್ಲಿ 3–4ರ ಉದ್ದ 96.15ರ ಬದಲು 95.15 ಎಂದು ಬಿದ್ದಿತ್ತು ಎಂದಿಟ್ಟುಕೊಳ್ಳಿ. ಲ್ಯಾಟಿಟ್ಯೂಡ್ ಮೊತ್ತ −0.447, ಡಿಪಾರ್ಚರ್ ಮೊತ್ತ +0.981 ಆಗುತ್ತಿತ್ತು. ಕ್ಲೋಸಿಂಗ್ ಎರರ್ 1.08 ಮೀಟರ್, ಅನುಪಾತ 1:480. ಅದರ ದಿಕ್ಕು ನೋಡಿ: 114½°. 3–4ರ ಬೇರಿಂಗನ್ನು ತಿರುಗುಮುರುಗು ಮಾಡಿದರೆ 117°54'. ಹೆಚ್ಚುಕಡಿಮೆ ಒಂದೇ. ದೊಡ್ಡ ಎರರ್ ಯಾವ ಲೈನಿಗೆ ಸಮಾಂತರವಾಗಿ ಬೀಳುತ್ತದೋ ಆ ಲೈನಿನ ಉದ್ದವನ್ನೇ ಮೊದಲು ಅನುಮಾನಿಸಬೇಕು. ಎರರ್ ಲೈನಿನ ದಿಕ್ಕಿಗೇ ಇದ್ದರೆ ಉದ್ದ ಹೆಚ್ಚು ಬರೆದಿದ್ದೀರಿ, ಎದುರು ದಿಕ್ಕಿಗಿದ್ದರೆ ಕಡಿಮೆ. ಎರರ್ 30 ಮೀಟರಿನ ಹತ್ತಿರ ಬಂದರೆ ಟೇಪಿನ ಒಂದು ಎಳೆತವೇ ಎಣಿಕೆಯಿಂದ ಬಿಟ್ಟುಹೋಗಿದೆ ಎಂದು ತಿಳಿಯಿರಿ. ಒಂದೇ ದಿಕ್ಕಿಗೆ ಎರಡು ಲೈನ್‌ಗಳಿದ್ದರೆ ಈ ಪರೀಕ್ಷೆ ಎರಡರ ಕಡೆಗೂ ಬೆರಳು ತೋರಿಸಿ ಸುಮ್ಮನಾಗುತ್ತದೆ. ಆಗ ಎರಡನ್ನೂ ಮತ್ತೆ ಅಳೆಯಬೇಕು.

ಆ 1.08 ಮೀಟರನ್ನು ನೋಡದೆ ಹಂಚಿದ್ದರೆ? ತಪ್ಪು ಮಾಡಿದ ಲೈನಿಗೆ ಬರುತ್ತಿದ್ದ ಪಾಲು ಬರೀ 20 ಸೆಂಟಿಮೀಟರ್. ಉಳಿದ 88 ಸೆಂಟಿಮೀಟರ್ ಸರಿಯಾಗಿ ಅಳೆದ ನಾಲ್ಕು ಲೈನ್‌ಗಳನ್ನು ಕೆಡಿಸುತ್ತಿತ್ತು. ಕಾಗದದ ಮೇಲೆ ಮಾತ್ರ ಸೊಗಸಾಗಿ ಮುಚ್ಚಿರುತ್ತಿತ್ತು.

ದೊಡ್ಡ ತಪ್ಪು ಕೋನದ್ದಾದರೆ ಅದು ಕೋನಗಳ ಮೊತ್ತದಲ್ಲೇ ಸಿಗುತ್ತದೆ, ಆದರೆ ಯಾವ ಸ್ಟೇಷನ್ ಎಂದು ಗೊತ್ತಾಗುವುದಿಲ್ಲ. ಆಗ ಕೋನಗಳನ್ನು ತಿದ್ದದೆ, ಓದಿದಂತೆಯೇ ಇಟ್ಟುಕೊಂಡು ಒಮ್ಮೆ 1, 2, 3 ಎಂದು ಮುಂದಕ್ಕೆ, ಇನ್ನೊಮ್ಮೆ 1, 5, 4 ಎಂದು ಹಿಂದಕ್ಕೆ ನಿರ್ದೇಶಾಂಕ ತೆಗೆಯಿರಿ. ಎರಡು ದಾರಿಯಿಂದಲೂ ಹೆಚ್ಚುಕಡಿಮೆ ಒಂದೇ ನಿರ್ದೇಶಾಂಕ ಬರುವ ಸ್ಟೇಷನ್ನಿನಲ್ಲಿ ಕೋನ ತಪ್ಪಾಗಿದೆ. ಉಪಕರಣವನ್ನು ಐದೂ ಕಡೆ ಹೊತ್ತುಕೊಂಡು ಹೋಗುವ ಬದಲು ಅಲ್ಲಿಗೊಂದಕ್ಕೆ ಹೋದರೆ ಸಾಕು.

ನಿಮ್ಮ 99 ಮಿಲಿಮೀಟರಿಗೆ ಇಂಥ ಹುಡುಕಾಟ ಬೇಡ. ಅದರ ದಿಕ್ಕು 78°, 1–2ರ ಬೇರಿಂಗ್ 70°, ಇದು ಆ ಲೈನಿನ ಟೇಪಿಂಗಿನ ತಪ್ಪೇ ಇರಬಹುದು ಎಂದು ಅನಿಸುವುದು ಸಹಜ. 117 ಮೀಟರಿಗೆ ಟೇಪು ನಾಲ್ಕು ಸಲ ಹಾಕಬೇಕು, ಮೂರು ಕಡೆ ಗುರುತು ಮಾಡಬೇಕು. ಹತ್ತು ಸೆಂಟಿಮೀಟರ್ ಬರಲಾರದೆಂದು ಹೇಳಲು ಬಾರದು. ಸಮಯವಿದ್ದರೆ ಆ ಒಂದು ಲೈನನ್ನು ಮತ್ತೊಮ್ಮೆ ಅಳೆಯಿರಿ. ಅಳೆದು ಬೇರೆ ಉದ್ದ ಬಂದರೆ ಪುಸ್ತಕದಲ್ಲಿ ಬದಲಿಸಿ. ಅಳೆಯದೆ, ಅನುಮಾನದ ಮೇಲೆ ಬದಲಿಸುವಂತಿಲ್ಲ.

ಈಗ ಕೊನೆಯ ಲೈನಿನ ಮಾತು. 5–1 ಸುಮಾರು ದಕ್ಷಿಣಕ್ಕೆ ಹೋಗುವ ಲೈನ್, ನಿಮ್ಮ ಎರರ್ ಹೆಚ್ಚಿನಂಶ ಪೂರ್ವಕ್ಕೆ. ಪೂರ್ತಿ ಎರರನ್ನು ಅದರ ಮೇಲೆ ಹೊರಿಸಿದರೆ ಉದ್ದ ಬದಲಾಗುವುದು 9 ಮಿಲಿಮೀಟರ್ ಮಾತ್ರ, ಆದರೆ ಲೈನು ಅಡ್ಡಕ್ಕೆ 99 ಮಿಲಿಮೀಟರ್ ಸರಿಯುತ್ತದೆ. 99.65 ಮೀಟರ್ ಲೈನಿನಲ್ಲಿ ಅದು 3 ನಿಮಿಷ 24 ಸೆಕೆಂಡಿನ ತಿರುವು. ಐದು ಕೋನಗಳ ಒಟ್ಟು ತಪ್ಪು 40 ಸೆಕೆಂಡು ಎಂದು ಈಗಷ್ಟೇ ನೋಡಿದೆವು. ಒಂದೇ ಲೈನು ಮೂರೂವರೆ ನಿಮಿಷ ತಪ್ಪಿತ್ತು ಎಂದು ಬರೆಯುವುದು ನಿಮ್ಮ ಥಿಯೊಡೊಲೈಟಿನ ಮೇಲೆ ಸುಳ್ಳು ಸಾಕ್ಷಿ ಹೇಳಿದಂತೆ.

ಹಂಚಲು ನಿಮಗೆ ಹೊಂದುವುದು ಬೌಡಿಚ್ ನಿಯಮ. ಅಮೆರಿಕದ ನಾವಿಕ, ಗಣಿತಜ್ಞ ನಥಾನಿಯಲ್ ಬೌಡಿಚ್ 1808ರಲ್ಲಿ ಕೊಟ್ಟದ್ದು. ಉದ್ದದ ಲೈನಿಗೆ ಹೆಚ್ಚು, ಗಿಡ್ಡ ಲೈನಿಗೆ ಕಡಿಮೆ, ಇಷ್ಟೇ:

```
dLat = -(0.021) * L / 519.41
dDep = -(0.097) * L / 519.41
```

ಇದರ ಹಿಂದೆ ಒಂದು ಊಹೆಯಿದೆ: ಅಳತೆಯಿಂದ ಲೈನಿನ ಉದ್ದಕ್ಕೆ ಆಗುವ ತಪ್ಪೂ ಕೋನದಿಂದ ಅಡ್ಡಕ್ಕೆ ಆಗುವ ತಪ್ಪೂ ಸರಿಸುಮಾರು ಒಂದೇ ಅಳತೆಯವು ಎಂಬುದು. ನಿಮ್ಮ ಕೆಲಸಕ್ಕೆ ಅದು ಪೂರ್ತಿ ಅಲ್ಲದಿದ್ದರೂ ಸುಮಾರಾಗಿ ಹೊಂದುತ್ತದೆ. 20 ಸೆಕೆಂಡು 100 ಮೀಟರಿಗೆ ಒಂದು ಸೆಂಟಿಮೀಟರ್, ಟೇಪಿನ 1:5000 ಎಂದರೆ 100 ಮೀಟರಿಗೆ ಎರಡು ಸೆಂಟಿಮೀಟರ್. ಎರಡೂ ಒಂದೇ ತಕ್ಕಡಿಯಲ್ಲಿ ಕೂರುತ್ತವೆ.

ಚಿಹ್ನೆ ಎಡವುವ ಜಾಗ ಇದು. ಮೊತ್ತ ಧನವಾಗಿದ್ದರೆ ತಿದ್ದುಪಡಿ ಎಲ್ಲ ಲೈನಿಗೂ ಋಣ, ಆ ಲೈನಿನ ಲ್ಯಾಟಿಟ್ಯೂಡ್ ಧನವೋ ಋಣವೋ ಎಂದು ನೋಡಬಾರದು. 4–5ರ ಲ್ಯಾಟಿಟ್ಯೂಡ್ −79.975. ಅದಕ್ಕೆ −0.004 ಸೇರಿದಾಗ −79.979 ಆಗಬೇಕು, −79.971 ಅಲ್ಲ. ಋಣ ಸಂಖ್ಯೆಯಿಂದ ಕಳೆದರೆ ಚಿಕ್ಕದಾಗಬೇಕು ಎಂದು ಕೈ ತಾನಾಗಿ ಬರೆದುಬಿಡುತ್ತದೆ.

| ಲೈನ್ | ಲ್ಯಾಟಿಟ್ಯೂಡಿಗೆ | ಡಿಪಾರ್ಚರಿಗೆ | ತಿದ್ದಿದ ಲ್ಯಾಟಿಟ್ಯೂಡ್ | ತಿದ್ದಿದ ಡಿಪಾರ್ಚರ್ |
|---|---|---|---|---|
| 1–2 | −0.005 | −0.022 | +40.007 | +110.009 |
| 2–3 | −0.004 | −0.017 | +90.018 | +24.987 |
| 3–4 | −0.004 | −0.018 | +44.981 | −84.996 |
| 4–5 | −0.004 | −0.021 | −79.979 | −79.993 |
| 5–1 | −0.004 | −0.019 | −95.027 | +29.993 |
| ಒಟ್ಟು | −0.021 | −0.097 | 0.000 | 0.000 |

4–5ರ ಲ್ಯಾಟಿಟ್ಯೂಡಿಗೆ ಸೂತ್ರ ಕೊಡುವುದು 0.0046, ಪೂರ್ಣಾಂಕಕ್ಕೆ ತಂದರೆ 5 ಮಿಲಿಮೀಟರ್. ಎಲ್ಲವನ್ನೂ ಹಾಗೆಯೇ ತಂದರೆ ಮೊತ್ತ 22 ಆಗಿ ಒಂದು ಮಿಲಿಮೀಟರ್ ಹೆಚ್ಚುತ್ತದೆ. ಮೇಲಕ್ಕೆ ಎತ್ತಿದವುಗಳಲ್ಲಿ ಅರ್ಧಕ್ಕೆ ತೀರಾ ಹತ್ತಿರವಿದ್ದದ್ದನ್ನು ಕೆಳಗಿಳಿಸಿ 4 ಮಾಡಿದ್ದೇನೆ. ಇದು ಲೆಕ್ಕದ ಸೂಕ್ಷ್ಮವೇ ಹೊರತು ಹೊಲದ್ದಲ್ಲ, ಆದರೆ ಆ ಒಂದು ಮಿಲಿಮೀಟರ್ ಬಿಟ್ಟರೆ ಕೊನೆಯಲ್ಲಿ ಸ್ಟೇಷನ್ 1 ತನ್ನ ಮೇಲೆ ತಾನು ಕೂರುವುದಿಲ್ಲ. ತಪಾಸಣೆ ಮಾಡುವವರು ಮೊದಲು ನೋಡುವುದೇ ಅದನ್ನು.

ಸ್ಟೇಷನ್ 1ಕ್ಕೆ ಉತ್ತರ 1000, ಪೂರ್ವ 1000 ಎಂದು ಕೊಟ್ಟು ಕೂಡಿಸುತ್ತಾ ಹೋಗಿ. ಎಲ್ಲವೂ ಧನವಾಗಿರಲಿ ಎಂದೇ ಈ ಸಾವಿರ. ಸ್ಟೇಷನ್ 2: 1040.007, 1110.009. ಸ್ಟೇಷನ್ 3: 1130.025, 1134.996. ಸ್ಟೇಷನ್ 4: 1175.006, 1050.000. ಸ್ಟೇಷನ್ 5: 1095.027, 970.007. ಅಲ್ಲಿಂದ ಮತ್ತೆ 1000.000, 1000.000.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಪುಸ್ತಕ ಮಡಚುವವರೇ ಹೆಚ್ಚು. ಆದರೆ ಹಂಚಿದ ಮೇಲೆ ಹಳೆಯ ಉದ್ದ, ಹಳೆಯ ಬೇರಿಂಗ್ ಯಾವುದೂ ಉಳಿದಿಲ್ಲ. ತಿದ್ದಿದ ಲ್ಯಾಟಿಟ್ಯೂಡ್ E ಕಾಲಮ್ಮಿನಲ್ಲಿ, ಡಿಪಾರ್ಚರ್ F ಕಾಲಮ್ಮಿನಲ್ಲಿ ಇದ್ದರೆ ಹೊಸ ಉದ್ದವೂ ಬೇರಿಂಗೂ ಹೀಗೆ:

```
=SQRT(E2^2+F2^2)
=MOD(DEGREES(ATAN2(E2,F2)),360)
```

1–2 ಈಗ 117.058 ಮೀಟರ್, ಬೇರಿಂಗ್ 70°00'55". ಉದ್ದ 22 ಮಿಲಿಮೀಟರ್ ಇಳಿದಿದೆ, ದಿಕ್ಕು 5 ಸೆಕೆಂಡು ಮಾತ್ರ ತಿರುಗಿದೆ. 2–3ರಲ್ಲಿ ಇದು ತಲೆಕೆಳಗು: ಉದ್ದ ಇಳಿದದ್ದು 8 ಮಿಲಿಮೀಟರ್, ದಿಕ್ಕು ತಿರುಗಿದ್ದು 34 ಸೆಕೆಂಡು. ಕಾರಣ ಸರಳ. 2–3 ಉತ್ತರಕ್ಕೆ ಹೋಗುವ ಲೈನು, ಅದಕ್ಕೆ ಬಂದ 17 ಮಿಲಿಮೀಟರ್ ಪಶ್ಚಿಮಕ್ಕೆ. ಅಡ್ಡ ತಳ್ಳಿದರೆ ಲೈನು ತಿರುಗಲೇಬೇಕು. ಕೋನ ತಿದ್ದುವಾಗ ನಾವು ಬಹಳ ಜಾಗ್ರತೆಯಿಂದ 8 ಸೆಕೆಂಡು ಕಳೆದೆವು, ಬೌಡಿಚ್ ಹಿಂದಿನಿಂದ ಬಂದು ಅದರ ನಾಲ್ಕು ಪಟ್ಟು ತಿರುಗಿಸಿತು. 20 ಸೆಕೆಂಡಿನ ಉಪಕರಣಕ್ಕೆ ಇದನ್ನು ಸಹಿಸಿಕೊಳ್ಳಬಹುದು. ಕೋನ ಬಹಳ ನಿಖರ, ಅಳತೆ ಮಾತ್ರ ಸುಮಾರು ಎನ್ನುವ ಕೆಲಸದಲ್ಲಿ ಇದು ಸಲ್ಲದು. ಅಂಥಲ್ಲಿ ಟ್ರಾನ್ಸಿಟ್ ನಿಯಮ ಹಾಕುತ್ತಾರೆ: ಪಾಲು ಉದ್ದದ ಲೆಕ್ಕದಲ್ಲಲ್ಲ, ಆ ಲೈನಿನ ಲ್ಯಾಟಿಟ್ಯೂಡ್ ಅಥವಾ ಡಿಪಾರ್ಚರಿನ ಲೆಕ್ಕದಲ್ಲಿ. ಚಿಹ್ನೆ ಬಿಟ್ಟು ಕೂಡಿಸಿದರೆ ನಿಮ್ಮ ಡಿಪಾರ್ಚರ್‌ಗಳ ಮೊತ್ತ 329.997. ಅದರಲ್ಲಿ 2–3ರದ್ದು 25.004 ಮಾತ್ರ, ಹಾಗಾಗಿ ಅದಕ್ಕೆ 17ರ ಬದಲು 7 ಮಿಲಿಮೀಟರ್ ಬರುತ್ತದೆ, ದಿಕ್ಕು ತಿರುಗುವುದು 12 ಸೆಕೆಂಡು. ನಿಮಗೆ ಬೌಡಿಚ್ ಸಾಕು. ಆದರೆ ಹೊಲದಲ್ಲಿ ಕಲ್ಲು ಹಾಕಿಸಲು ಹೋದಾಗ ಹಳೆಯ ಬೇರಿಂಗಿನ ಪಟ್ಟಿ ತೆಗೆದುಕೊಂಡು ಹೋಗಬೇಡಿ. ತಿದ್ದಿದ ನಿರ್ದೇಶಾಂಕದಿಂದ ತೆಗೆದ ಹೊಸ ಪಟ್ಟಿಯೇ ಬೇಕು. ಹಳೆಯ ಅಂಕಿಗಳನ್ನು ಫೀಲ್ಡ್ ಬುಕ್ಕಿನಿಂದ ಅಳಿಸಬೇಡಿ, ತಿದ್ದುಪಡಿ ಬೇರೆ ಹಾಳೆಯಲ್ಲಿರಲಿ.

ಇನ್ನೊಂದು ಮಾತು, ನೀವು ಕೇಳದ್ದು. ಟ್ರಾವರ್ಸ್ ಮುಚ್ಚಿದ ಮಾತ್ರಕ್ಕೆ ಅಳತೆ ಸರಿ ಎಂದಲ್ಲ. ಸುತ್ತು ಬಂದು ಹೊರಟಲ್ಲಿಗೇ ಸೇರುವ ಟ್ರಾವರ್ಸಿನಲ್ಲಿ, ಎಲ್ಲ ಲೈನನ್ನೂ ಒಂದೇ ಪ್ರಮಾಣದಲ್ಲಿ ಕೆಡಿಸುವ ತಪ್ಪು ಕಾಣುವುದೇ ಇಲ್ಲ. ಆಕೃತಿ ಹಾಗೆಯೇ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಬಾಯಿ ಮಾತ್ರ ಮುಚ್ಚಿಕೊಂಡೇ ಇರುತ್ತದೆ. ಟೇಪು 20 ಡಿಗ್ರಿ ಸೆಲ್ಸಿಯಸ್‌ಗೆ ಸರಿಯಿದ್ದು, ನೀವು 34 ಡಿಗ್ರಿಯ ಬಿಸಿಲಲ್ಲಿ ಅಳೆದಿದ್ದರೆ ಉಕ್ಕು ಹಿಗ್ಗಿ ಸುತ್ತಳತೆಯಲ್ಲಿ 8 ಸೆಂಟಿಮೀಟರ್ ಕಡಿಮೆ ಓದಿರುತ್ತೀರಿ. ಅದು ನಿಮ್ಮ ಕ್ಲೋಸಿಂಗ್ ಎರರಿನಷ್ಟೇ ದೊಡ್ಡದು, ಆದರೆ ಮೇಲಿನ ಯಾವ ಮೊತ್ತದಲ್ಲೂ ಅದರ ಸುಳಿವಿಲ್ಲ. ಟೋಟಲ್ ಸ್ಟೇಷನ್ನಿನಲ್ಲಿ ಇದರ ಅಣ್ಣನಂತೆ ಇರುವುದು ಪ್ರಿಸಮ್ ಕಾನ್‌ಸ್ಟೆಂಟ್. ಅದನ್ನು 30 ಮಿಲಿಮೀಟರ್ ತಪ್ಪು ಹಾಕಿ ನಿಮ್ಮ ಐದೂ ಲೈನನ್ನು ಅಳೆದರೆ ಪ್ರತಿಯೊಂದೂ ಮೂರು ಸೆಂಟಿಮೀಟರ್ ತಪ್ಪುತ್ತದೆ. ನಿಮ್ಮ ಬೇರಿಂಗ್‌ಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದರೆ ಅದರಿಂದ ಬರುವ ಕ್ಲೋಸಿಂಗ್ ಎರರ್ 4 ಮಿಲಿಮೀಟರ್ ಮಾತ್ರ, ಏಕೆಂದರೆ ಒಂದು ಬದಿಯದ್ದನ್ನು ಎದುರು ಬದಿ ತಿಂದುಹಾಕುತ್ತದೆ.

ನಮ್ಮ ಕಡೆಯ ಜಾಗಗಳಿಗೆ ಇಳಿಜಾರಿನ ತಪ್ಪೂ ಹೀಗೆಯೇ. ಗುಡ್ಡೆಯಿಂದ ಬೈಲಿಗೆ ಇಳಿಯುವ ತೋಟದಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆದರೆ ಇಳಿಯುವ ಲೈನೂ ಹತ್ತುವ ಲೈನೂ ಎರಡೂ ಉದ್ದವಾಗಿ ಬರುತ್ತವೆ. ಅವು ಎದುರುಬದುರು ದಿಕ್ಕಿನವಾದ್ದರಿಂದ ಮುಚ್ಚುವಿಕೆಯಲ್ಲಿ ಒಂದನ್ನೊಂದು ಅಡಗಿಸುತ್ತವೆ. 117 ಮೀಟರಿಗೆ 3 ಮೀಟರ್ ಇಳಿಜಾರಿದ್ದರೆ ಎತ್ತರದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ, 38 ಮಿಲಿಮೀಟರ್ ಕಳೆಯಬೇಕು. ಇದನ್ನೂ ಬಿಸಿಲಿನ ತಿದ್ದುಪಡಿಯನ್ನೂ ಟೇಪಿನ ಉದ್ದಕ್ಕೇ ಮೊದಲು ಹಾಕಿ, ಆಮೇಲೆ ಲ್ಯಾಟಿಟ್ಯೂಡ್ ತೆಗೆಯುವುದು ಕ್ರಮ. ನಿಮ್ಮ ಅಂಕಿಗಳಲ್ಲಿ ಇಳಿಜಾರಿನ ಕಾಲಮ್ಮು ಕಾಣಲಿಲ್ಲ. ಟೇಪನ್ನು ಮಟ್ಟಸವಾಗಿ ಎತ್ತಿ ಹಿಡಿದು ಅಳೆದಿದ್ದರೆ ಸರಿ, ಹಾಸಿ ಅಳೆದಿದ್ದರೆ ಮೇಲಿನ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಬೇಕಾಗುತ್ತದೆ.

ತಿದ್ದಿದ ನಿರ್ದೇಶಾಂಕಗಳಿಂದ ಐದು ಸ್ಟೇಷನ್‌ಗಳ ಒಳಗಿನ ವಿಸ್ತೀರ್ಣ 18,013.65 ಚದರ ಮೀಟರ್. ಒಂದು ಸೆಂಟ್ಸ್ ಎಂದರೆ 40.4686 ಚದರ ಮೀಟರ್, ಆ ಲೆಕ್ಕದಲ್ಲಿ 445.1 ಸೆಂಟ್ಸ್, ನಾಲ್ಕು ಎಕರೆ ನಲವತ್ತೈದು ಸೆಂಟ್ಸ್. ಉದ್ದದಲ್ಲಿ 1:5200ರಷ್ಟು ಸಂದೇಹವಿದ್ದರೆ ವಿಸ್ತೀರ್ಣದಲ್ಲಿ ಅದರ ಎರಡರಷ್ಟು, ಸುಮಾರು 0.17 ಸೆಂಟ್ಸ್. ಪ್ರಿಸಮ್ಮಿನ ಆ ಕಾಣದ ಮೂರು ಸೆಂಟಿಮೀಟರ್ ಇದ್ದಿದ್ದರೆ ವ್ಯತ್ಯಾಸ 0.26 ಸೆಂಟ್ಸ್ ಆಗುತ್ತಿತ್ತು. ಮುಚ್ಚದೆ ಉಳಿದ ತಪ್ಪಿಗಿಂತ ಮುಚ್ಚಿಕೊಂಡು ಕೂತ ತಪ್ಪೇ ದೊಡ್ಡದು. ಮತ್ತೆ, ಈ 445 ಸೆಂಟ್ಸ್ ಸ್ಟೇಷನ್‌ಗಳ ನಡುವಿನದ್ದು, ತೋಟದ್ದಲ್ಲ. ಪಾಗಾರ, ತೋಡಿನ ಬದು ಲೈನಿನ ಹೊರಗಿದ್ದಲ್ಲಿ ಆಫ್‌ಸೆಟ್ ತೆಗೆದು ಕೂಡಿಸಬೇಕು, ಒಳಗಿದ್ದಲ್ಲಿ ಕಳೆಯಬೇಕು.